‘ಬಟ್ಟಲು’ ಅಂದರೆ ‘ಬಾಯಿ ಮುಚ್ಚು’: ಸೆನ್ಸಾರ್ ಕಾಲದ ಹಾಡನ್ನು ಓದುವುದು ಹೇಗೆ?

ಸೆನ್ಸಾರ್ ಕತ್ತರಿ ಹಿಡಿದು ಕೂತಿರುವಾಗ ಬರೆದ ಹಾಡಿನಲ್ಲಿ ಎರಡು ಹಾಡುಗಳಿರುತ್ತವೆ. ಒಂದು ಅಧಿಕಾರಿಗೆ, ಇನ್ನೊಂದು ಕೇಳುಗರಿಗೆ. ಎರಡನೆಯದನ್ನು ಹುಡುಕುವುದಕ್ಕೆ ಬ್ರೆಜಿಲ್‌ನ ‘ಕಾಲಿಸಿ’ ಹಾಡನ್ನೇ ಹಿಡಿದು ಕೂರೋಣ. ಬರೆದವರು ಶಿಕೊ ಬುವಾರ್ಕಿ ಮತ್ತು ಜಿಲ್ಬೆರ್ತೊ ಜಿಲ್.

ಮೊದಲು ಇಸವಿ ನೋಡಿ. ಒಂದಲ್ಲ, ಎರಡು ಇಸವಿ ಬೇಕು. ಬರೆದದ್ದು ಯಾವಾಗ, ಹೊರಬಂದದ್ದು ಯಾವಾಗ? ಈ ಹಾಡು ಹುಟ್ಟಿದ್ದು 1973ರಲ್ಲಿ, ರೆಕಾರ್ಡ್ ಆಗಿ ಜನರ ಕೈಗೆ ಸಿಕ್ಕಿದ್ದು 1978ರಲ್ಲಿ. ನಡುವಿನ ಐದು ವರ್ಷ ಅದು ನಿಷೇಧದಲ್ಲಿತ್ತು. ಆಗ ಅಲ್ಲಿ ಸೇನಾ ಆಡಳಿತ. 1968ರ ಡಿಸೆಂಬರ್‌ನಲ್ಲಿ ಬಂದ ಐದನೇ ಸಾಂಸ್ಥಿಕ ಕಾಯಿದೆಯ ನಂತರ ಹಿಡಿತ ಇನ್ನೂ ಬಿಗಿಯಾಗಿತ್ತು. ಹಾಡಿನ ಸಾಹಿತ್ಯ ಮೊದಲು ಸೆನ್ಸಾರ್ ಮೇಜಿಗೆ ಹೋಗಬೇಕಿತ್ತು. ಇಷ್ಟು ಗೊತ್ತಿಲ್ಲದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಹೊರಗಿನ ಅರ್ಥವನ್ನು ಪೂರ್ತಿ ಓದಿ. ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ. ಈ ಹಾಡಿನ ಪಲ್ಲವಿ ಒಂದು ಪ್ರಾರ್ಥನೆ: ‘ತಂದೆಯೇ, ಈ ಬಟ್ಟಲನ್ನು ನನ್ನಿಂದ ದೂರ ಮಾಡು.’ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಆಡಿದ ಮಾತು ಅದು. ಜಿಲ್ ಪಲ್ಲವಿಗೆ ಕೈಹಾಕಿದ್ದೂ ಶುಭ ಶುಕ್ರವಾರದಂದೇ. ಹೊರಗಿನ ಕಥೆ ಇಷ್ಟು ಗಟ್ಟಿಯಾಗಿ ನಿಂತರೆ ಮಾತ್ರ ಒಳಗಿನದಕ್ಕೆ ಆಸರೆ ಸಿಗುತ್ತದೆ.

ಈಗ ಕಣ್ಣು ಮುಚ್ಚಿ ಕೇಳಿ. ಪೋರ್ಚುಗೀಸ್‌ನಲ್ಲಿ ಬಟ್ಟಲಿಗೂ ‘ಬಾಯಿ ಮುಚ್ಚು’ ಎಂಬ ಆಜ್ಞೆಗೂ ಕಾಗುಣಿತ ಬೇರೆ, ಉಚ್ಚಾರ ಒಂದೇ: ‘ಕಾಲಿಸಿ’. ಹಾಳೆಯ ಮೇಲೆ ಬಟ್ಟಲು, ಕಿವಿಗೆ ಆಜ್ಞೆ. ‘ತಂದೆಯೇ, ಈ ಬಾಯಿ ಮುಚ್ಚಿಸುವಿಕೆಯನ್ನು ನನ್ನಿಂದ ದೂರ ಮಾಡು’ ಅಂತ ಕೇಳಿಸುತ್ತದೆ, ಅಲ್ವಾ? ಮುಂದಿನ ಸಾಲಿನಲ್ಲೂ ಇಂಥದ್ದೇ ಕೆಲಸ. ಕೆಂಪು ವೈನ್‌ಗೆ ಅವರು ಬಳಸುವ ಪದಕ್ಕೆ ‘ಬಣ್ಣ ಹತ್ತಿದ’ ಎಂಬ ಅರ್ಥವೂ ಇದೆ. ಅದರ ಪಕ್ಕ ‘ರಕ್ತ’ ಸೇರಿದ ಕೂಡಲೇ ವೈನ್ ರಕ್ತದ ಬಣ್ಣ ಹತ್ತಿದ್ದಾಗುತ್ತದೆ.

ಪ್ರಾಸವನ್ನೂ ಕೇಳಿ. ಮೊದಲ ಚರಣದಲ್ಲಿ ‘ಊತಾ’ ಎಂದು ಮುಗಿಯುವ ಸಾಲುಗಳು ಬರುತ್ತವೆ. ನಡುವೆ ‘ಪವಿತ್ರಳ ಮಗನಾಗಿ ಏನು ಬಂತು, ... ಮಗನಾಗಿದ್ದರೇ ಚೆನ್ನಾಗಿತ್ತು’ ಎಂಬ ಮಾತು. ಆ ಜಾಗದಲ್ಲಿ ಪ್ರಾಸಕ್ಕೆ ಸರಿಯಾಗಿ ಕೂರುವ ಒಂದು ಬೈಗುಳ ಇದೆ. ಆದರೆ ಹಾಡಿನಲ್ಲಿರುವುದು ಪ್ರಾಸ ಕೂಡದ ‘ಇನ್ನೊಬ್ಬಳ’ ಎಂಬ ಪದ. ಕೇಳುಗರು ಬೈಗುಳವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ನನಗಂತೂ ಇಡೀ ಹಾಡಿನಲ್ಲಿ ಜಾಸ್ತಿ ಇಷ್ಟವಾಗುವುದು ಈ ಜಾಗವೇ. ಬಾಯಿ ಮುಚ್ಚಿಸಿದ್ದನ್ನೇ ಇಲ್ಲಿ ಹಾಡಿ ತೋರಿಸಿದ್ದಾರೆ.

ಅಂದ ಹಾಗೆ, ಸೆನ್ಸಾರ್ ಕೂಡ ಮೋಸ ಹೋಗಲಿಲ್ಲ. ಅನುಮತಿ ಸಿಗಲಿಲ್ಲ. 1973ರ ಮೇ ತಿಂಗಳಲ್ಲಿ ಸಾವೊ ಪೌಲೊದ ಒಂದು ಸಂಗೀತೋತ್ಸವದಲ್ಲಿ ಇಬ್ಬರೂ ಪದಗಳನ್ನು ಬಿಟ್ಟು ರಾಗವನ್ನಷ್ಟೇ ಗುನುಗುತ್ತಾ, ನಡುವೆ ‘ಕಾಲಿಸಿ’ ಎನ್ನುತ್ತಾ ಹೋದರು. ಮೈಕ್‌ಗಳೂ ಬಂದ್ ಆದವು.

ಹೊರಗಿನ ಕಥೆಗೆ ಹೊಂದದ ವಸ್ತುವನ್ನು ಗುರುತು ಹಾಕಿಕೊಳ್ಳಿ. ಪ್ರಾರ್ಥನೆಯೊಳಗೆ ಡೀಸೆಲ್ ಹೊಗೆ ಯಾಕೆ ಬಂತು? ಕೊನೆಯ ಚರಣದಲ್ಲಿ ಹಾಡುವವನು ಅದನ್ನು ಮೂಸಬೇಕು ಅನ್ನುತ್ತಾನೆ. 1971ರಲ್ಲಿ ಸ್ಟುವರ್ಟ್ ಏಂಜೆಲ್ ಎಂಬ ಯುವಕ ರಿಯೊದ ವಾಯುಪಡೆ ನೆಲೆಯಲ್ಲಿ ಚಿತ್ರಹಿಂಸೆಯಿಂದ ಸತ್ತ. ವಾಹನದ ಹೊಗೆ ಕೊಳವೆಗೆ ಅವನ ಬಾಯಿ ಒಡ್ಡಿ ಎಳೆದಾಡಿದರು ಎಂದು ಜೊತೆ ಕೈದಿಯೊಬ್ಬ ಅವನ ತಾಯಿಗೆ ಬರೆದ. ಆ ತಾಯಿ ಜುಜು ಏಂಜೆಲ್‌ಗೆ ಶಿಕೊ ಸ್ನೇಹಿತರು. ವಸ್ತು, ಕಾಲ, ಪರಿಚಯ ಮೂರೂ ಕೂಡುವುದರಿಂದ ಈ ಓದನ್ನು ನಾನು ‘ಬಲವಾದ ಸಾಧ್ಯತೆ’ ಎಂದು ಬರೆದುಕೊಳ್ಳುತ್ತೇನೆ. ‘ಖಚಿತ’ ಎಂದಲ್ಲ.

ಕೊನೆಗೆ ನಿಮ್ಮ ಓದನ್ನೇ ಪರೀಕ್ಷೆ ಮಾಡಿ. ಪ್ರತಿ ಪದಕ್ಕೂ ಗುಟ್ಟು ಅಂಟಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ‘ಕಹಿ ಪಾನೀಯ’ ಎಂಬ ಮಾತು ಶಿಕೊ ಮನೆಯಲ್ಲಿ ಕುಡಿದ ಫರ್ನೆಟ್ ಎಂಬ ಕಹಿ ಮದ್ಯದಿಂದ ಬಂತು ಎಂದು ಜಿಲ್ ಆಮೇಲೆ ಹೇಳಿದ್ದಾರೆ. ಹಾಗಾದರೆ ರಾಜಕೀಯ ಅರ್ಥ ಬಿದ್ದುಹೋಯಿತೇ? ಇಲ್ಲ. ಪದ ಎಲ್ಲಿಂದ ಬಂತು ಎಂಬುದು ಬೇರೆ, ಹಾಡಿನೊಳಗೆ ಏನು ಮಾಡುತ್ತದೆ ಎಂಬುದು ಬೇರೆ. ಪಕ್ಕದ ಸಾಲು ‘ನೋವನ್ನು ನುಂಗುವುದು’ ಎನ್ನುತ್ತದೆ. ಆ ನೆರೆಯಲ್ಲಿ ಫರ್ನೆಟ್ ಫರ್ನೆಟ್ಟಾಗಿ ಉಳಿಯುವುದಿಲ್ಲ.

ಎರಡನೇ ಚರಣದಲ್ಲಿ ಕೊಳದಿಂದ ಮೇಲೇಳುವ ರಾಕ್ಷಸನ ಮಾತೂ ಇದೆ. ಅದೂ ಶಿಕೊ ಮನೆಯಿಂದ ಕಾಣುತ್ತಿದ್ದ ರಿಯೊದ ಲಗೋವಾ ಕೊಳದಿಂದ ಬಂದದ್ದು. ಹಾಗಾಗಿ ಆ ರಾಕ್ಷಸನಿಗೆ ಯಾವ ಸೇನಾಧಿಕಾರಿಯ ಹೆಸರನ್ನೂ ನಾನು ಇಡುವುದಿಲ್ಲ. ಆದರೆ ಅದೇ ಚರಣ ಶುರುವಾಗುವುದು ‘ಮೌನವಾಗಿ ಏಳುವುದು ಎಷ್ಟು ಕಷ್ಟ’ ಎಂಬಲ್ಲಿಂದ. ಯಾವ ಗಳಿಗೆಯಲ್ಲಿ ಏನು ಮೇಲೆದ್ದು ಬರುತ್ತದೋ ಎಂಬ ಭಯವನ್ನು ಮಾತ್ರ ಬರೆದುಕೊಳ್ಳುತ್ತೇನೆ.