ಡಿಸ್ಕ್‌ನಲ್ಲಿ ಆಟವೇ ಇದೆಯೋ, ಬರೀ ಬೀಗದಕೈ ಇದೆಯೋ?

ಪ್ಲೇಸ್ಟೇಷನ್ 5ಕ್ಕೆ ಡಿಸ್ಕ್ ಕೊಳ್ಳಬೇಕೋ ಡೌನ್‌ಲೋಡ್ ಕೊಳ್ಳಬೇಕೋ ಎಂಬ ವಾದ ಎದ್ದಾಗ ನಾನು ಮೊದಲು ಕೇಳುವುದು ಒಂದೇ: ಆ ಡಿಸ್ಕ್‌ನೊಳಗೆ ಏನಿದೆ? ಪಿಎಸ್5 ಡಿಸ್ಕ್‌ನಿಂದ ನೇರವಾಗಿ ಆಟ ಓಡಿಸುವುದಿಲ್ಲ. ಅದರಲ್ಲಿರುವುದನ್ನೆಲ್ಲ ಒಳಗಿನ ಎಸ್‌ಎಸ್‌ಡಿಗೆ ನಕಲು ಮಾಡಿಕೊಂಡು, ಆಮೇಲೆ ಪ್ರತಿ ಸಲ ಆಡುವಾಗ ಡಿಸ್ಕ್ ಡ್ರೈವ್‌ನಲ್ಲಿದೆಯೇ ಎಂದಷ್ಟೇ ನೋಡುತ್ತದೆ. ಹಾಗಾಗಿ ಡಿಸ್ಕ್ ಕೊಂಡರೂ ಎಸ್‌ಎಸ್‌ಡಿಯಲ್ಲಿ ಜಾಗ ಉಳಿಯುವುದಿಲ್ಲ. ಮೊದಲ ಮಾದರಿಯಲ್ಲಿ 825 ಜಿಬಿ ಎಂದಿದ್ದರೂ ನಮಗೆ ಸಿಗುವುದು ಸುಮಾರು 667 ಜಿಬಿ. ಎರಡೂ ಬಗೆಯ ಆಟಗಳು ಅದನ್ನು ಒಂದೇ ರೀತಿ ತಿನ್ನುತ್ತವೆ.

ಒಂದು ಡಿಸ್ಕ್‌ಗೆ ಹೆಚ್ಚೆಂದರೆ 100 ಜಿಬಿ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಆಟಗಳು ಎರಡು ಡಿಸ್ಕ್‌ನಲ್ಲಿ ಬರುತ್ತವೆ: ಒಂದನ್ನು ಇನ್‌ಸ್ಟಾಲ್ ಮಾಡುವಾಗ ಮಾತ್ರ ಹಾಕಬೇಕು, ಇನ್ನೊಂದನ್ನು ಆಡುವಾಗಲೆಲ್ಲ. ಇಲ್ಲವೇ ಕಂಪನಿ ಖರ್ಚು ಉಳಿಸಿ ಮಿಕ್ಕಿದ್ದನ್ನು ಡೌನ್‌ಲೋಡಿಗೆ ಬಿಡುತ್ತದೆ. 2022ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಪಿಎಸ್5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 70 ಎಂಬಿ. ಪೆಟ್ಟಿಗೆ, ಡಿಸ್ಕ್, ಬೆಲೆ ಎಲ್ಲ ಪೂರ್ತಿ. ಒಳಗೆ ಬೀಗದಕೈ ಮಾತ್ರ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊಸ ಡಿಸ್ಕ್ ಬಂದ ದಿನ ನಾನು ಹೀಗೆ ಮಾಡುತ್ತೇನೆ. ಮೊದಲು Settings > Network > Settings ಒಳಗೆ Connect to the Internet ಆಫ್. ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕಿತ್ತುಬಿಡುವುದು ಒಳ್ಳೆಯದು. ಆಟ ಮೊದಲೇ ಇನ್‌ಸ್ಟಾಲ್ ಆಗಿದ್ದರೆ ಅಳಿಸಬೇಕು. ಸೇವ್ ಬೇರೆ ಕಡೆ ಇರುತ್ತದೆ, ಅದು ಹೋಗುವುದಿಲ್ಲ. ಆಮೇಲೆ ಡಿಸ್ಕ್ ಹಾಕಿ ನಕಲು ಪೂರ್ತಿ ಮುಗಿಯುವವರೆಗೆ ಕಾಯಬೇಕು. ಆಟದ ಚಿತ್ರದ ಮೇಲೆ Options ಒತ್ತಿ Information ತೆರೆದರೆ ಡಿಸ್ಕ್‌ನಲ್ಲಿರುವ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಈ ಪರೀಕ್ಷೆಯನ್ನು ನಿಮ್ಮ ಮಾಮೂಲಿ ಯೂಸರ್‌ನಲ್ಲಿ ಮಾಡಬೇಡಿ, ಕನ್ಸೋಲ್‌ನಲ್ಲಿ ಇನ್ನೊಂದು ಯೂಸರ್ ಮಾಡಿಕೊಳ್ಳಿ. ಪ್ಯಾಚ್ ಆದ ಆಟದ ಸೇವ್ ಡಿಸ್ಕ್‌ನ ಹಳೆಯ ಆವೃತ್ತಿಯಲ್ಲಿ ಎಷ್ಟೋ ಸಲ ತೆರೆಯುವುದಿಲ್ಲ, ಹೊಸದಾಗಿ ಶುರು ಮಾಡಿದರೆ ಆಟೋಸೇವ್ ಹಳೆಯದರ ಮೇಲೆ ಕೂತುಬಿಡಬಹುದು. ಪಿಎಸ್5 ಆಟಗಳ ಸೇವ್ ಅನ್ನು ಪೆನ್‌ಡ್ರೈವ್‌ಗೆ ತೆಗೆದಿಡಲು ಬರುವುದಿಲ್ಲ. ಪಿಎಸ್4 ಆಟಗಳದ್ದಾದರೆ ಬರುತ್ತದೆ.

ಆಟ ಶುರುವಾಯಿತು ಎಂದರೆ ಪಾಸಾಯಿತು ಎಂದಲ್ಲ. ಕೆಲವು ಡಿಸ್ಕ್‌ಗಳಲ್ಲಿ ಮೊದಲ ಅಧ್ಯಾಯ ಮಾತ್ರ ಇದ್ದು, ಅದು ಮುಗಿದ ಮೇಲೆ ಉಳಿದ ಭಾಗ ಡೌನ್‌ಲೋಡ್ ಮಾಡಿ ಎನ್ನುತ್ತದೆ. ಆದ್ದರಿಂದ ಎರಡು ಮೂರು ತಾಸಾದರೂ ಆಡಬೇಕು. ಬರೀ ಗಾತ್ರ ನೋಡಿ ತೀರ್ಮಾನಿಸಲು ಆಗುವುದಿಲ್ಲ: ಅಪ್‌ಡೇಟ್ ಆದ ಮೇಲೆ 20 ಜಿಬಿ ಹೆಚ್ಚಿತು ಎಂದ ಮಾತ್ರಕ್ಕೆ ಡಿಸ್ಕ್‌ನಲ್ಲಿ ಅಷ್ಟು ಕೊರತೆ ಇತ್ತು ಎಂದಲ್ಲ, ಆಮೇಲೆ ಸೇರಿಸಿದ ಭಾಗಗಳೂ ಅದರಲ್ಲಿರುತ್ತವೆ.

ಸೆಕೆಂಡ್‌ಹ್ಯಾಂಡ್ ಡಿಸ್ಕ್‌ಗೂ ಇದೇ ಪರೀಕ್ಷೆ ಸಾಕು. ನಕಲು ಮಾಡುವಾಗ ಕನ್ಸೋಲ್ ತನಗೆ ಬೇಕಾದ ದತ್ತಾಂಶವನ್ನೆಲ್ಲ ಡಿಸ್ಕ್‌ನಿಂದಲೇ ಓದಬೇಕು, ನೆಟ್ ಇಲ್ಲದ್ದರಿಂದ ಬೇರೆಡೆಯಿಂದ ತರಲು ದಾರಿಯಿಲ್ಲ. ಒಂದೇ ಶೇಕಡಾದಲ್ಲಿ ಮತ್ತೆ ಮತ್ತೆ ನಿಂತರೆ ಅಲ್ಲಿ ಗೀರು ಇದೆ ಎಂದೇ ಲೆಕ್ಕ. ಗೀರನ್ನು ಪಾಲಿಶ್ ಮಾಡಿಸಲು ಹೋಗಬೇಡಿ. ಸಿಡಿಯಲ್ಲಿ ಓದುವ ಬದಿಯಿಂದ ದತ್ತಾಂಶದ ಪದರಕ್ಕೆ 1.2 ಮಿ.ಮೀ. ಪ್ಲಾಸ್ಟಿಕ್ ಇತ್ತು, ಡಿವಿಡಿಯಲ್ಲಿ 0.6. ಬ್ಲೂ-ರೇಯಲ್ಲಿ ಅದು 0.1 ಮಿ.ಮೀ. ಮಾತ್ರ, ಉಜ್ಜಿದರೆ ಮೇಲಿನ ಗಟ್ಟಿ ಲೇಪವೇ ಹೋಗುತ್ತದೆ. ಬೆರಳಚ್ಚು, ಧೂಳು ಇದ್ದರೆ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಅಲ್ಲ. ನಡುವಿನ ತೂತಿನ ಸುತ್ತ ಕೂದಲೆಳೆ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪೆಟ್ಟಿಗೆಯ ಗುಬ್ಬಿಯನ್ನು ಒತ್ತದೆ ಡಿಸ್ಕ್ ಎಳೆಯುವವರಿಂದ ಬರುವ ಬಿರುಕು ಅದು.

ಪೆಟ್ಟಿಗೆಯ ಬೆನ್ನಿನ ಮೇಲಿನ ಕೋಡ್ ಕೂಡ ನೋಡಿ: ಪಿಎಸ್4ಕ್ಕೆ CUSA, ಪಿಎಸ್5ಕ್ಕೆ PPSA, ಮುಂದೆ ಐದು ಅಂಕಿ. ಡಿಸ್ಕ್ ಯಾವ ದೇಶದ್ದಾದರೂ ಆಟ ಓಡುತ್ತದೆ. ಆದರೆ ಅಮೆರಿಕದಿಂದ ನೆಂಟರು ತಂದುಕೊಟ್ಟ ಡಿಸ್ಕ್‌ಗೆ ಭಾರತದ ಖಾತೆಯಲ್ಲಿ ಕೊಂಡ ಹೆಚ್ಚುವರಿ ಭಾಗ ಸಾಮಾನ್ಯವಾಗಿ ಹೊಂದುವುದಿಲ್ಲ. ಮಾರುವಾಗ ಇದನ್ನು ಹೇಳದಿದ್ದರೆ ಜಗಳ ಗ್ಯಾರಂಟಿ. ಪೆಟ್ಟಿಗೆಯೊಳಗಿನ ಕೋಡ್ ಚೀಟಿಯೂ ಅಷ್ಟೇ, ಒಮ್ಮೆ ಬಳಸಿದರೆ ಮುಗಿಯಿತು.

ದುಡ್ಡಿನ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. 4,999 ರೂಪಾಯಿಯ ಡಿಸ್ಕ್ ಕೊಂಡು, ಆಡಿ ಮುಗಿಸಿ, ಒಂದು ತಿಂಗಳೊಳಗೆ 3,200ಕ್ಕೆ ಕೊಟ್ಟರೆ ನಿಮಗೆ ಬಿದ್ದದ್ದು 1,799. ಅದೇ ಆಟವನ್ನು ಎರಡು ವರ್ಷ ಇಟ್ಟುಕೊಂಡು 1,200ಕ್ಕೆ ಮಾರಿದರೆ 3,799 ಬೀಳುತ್ತದೆ. ಅಷ್ಟರಲ್ಲಿ ಡೌನ್‌ಲೋಡ್ ಅರ್ಧ ಬೆಲೆಯ ಸೇಲ್‌ಗೆ ಬಂದರೆ 2,499ಕ್ಕೆ ಸಿಗುತ್ತಿತ್ತು. ಅಂದರೆ ಡಿಸ್ಕ್ ಅಗ್ಗವಾಗುವುದು ಬೇಗ ಮಾರುವವರಿಗೆ, ಕಪಾಟಿನಲ್ಲಿ ಜೋಡಿಸಿಡುವವರಿಗಲ್ಲ. ಡೌನ್‌ಲೋಡ್ ಆಟ ಮಾರಲು ದಾರಿಯೇ ಇಲ್ಲ. ಖಾತೆಯನ್ನೇ ಮಾರುವವರಿದ್ದಾರೆ, ಅದು ಕಂಪನಿಯ ನಿಯಮಕ್ಕೆ ವಿರುದ್ಧ. ಮಾರಿದವನೇ ಪಾಸ್‌ವರ್ಡ್ ಬದಲಿಸಿ ಖಾತೆ ವಾಪಸು ಪಡೆಯಬಲ್ಲ ಕಾರಣ ಅಂಥದ್ದನ್ನು ಮುಟ್ಟಲೇಬೇಡಿ.

ಇನ್ನು ಹತ್ತು ಹದಿನೈದು ವರ್ಷದ ಮಾತು. ಡೌನ್‌ಲೋಡ್ ಮಾರುವ ಆನ್‌ಲೈನ್ ಅಂಗಡಿ ಮುಚ್ಚಿತು ಎಂಬ ಸುದ್ದಿಯಲ್ಲಿ ಎರಡು ಬೇರೆ ವಿಷಯಗಳಿವೆ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ಯದು 2024ರ ಜುಲೈನಲ್ಲಿ ಮುಚ್ಚಿದಾಗ ನಿಂತದ್ದು ಹೊಸ ಮಾರಾಟ. ಮೊದಲೇ ಕೊಂಡವರಿಗೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರು. ಆ ಎರಡನೆಯ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಎಂಬುದು ಕಂಪನಿಗೆ ಬಿಟ್ಟದ್ದು. ಪಿಎಸ್5 ಆಟಗಳನ್ನು ಹೊರಗಿನ ಯುಎಸ್‌ಬಿ ಡ್ರೈವ್‌ಗೆ ತೆಗೆದಿಟ್ಟರೆ ಮತ್ತೆ ಡೌನ್‌ಲೋಡ್ ಮಾಡುವ ಹೊತ್ತು ಉಳಿಯುತ್ತದೆ, ಅಷ್ಟೇ. ಕನ್ಸೋಲ್ ಕೆಟ್ಟು ಹೊಸದಕ್ಕೆ ಹೋದಾಗ ಲೈಸೆನ್ಸ್ ಸರ್ವರ್‌ನಿಂದಲೇ ಬರಬೇಕು. ಇದ್ದ ಕನ್ಸೋಲ್‌ನಲ್ಲಾದರೂ ನೆಟ್ ಇಲ್ಲದೆ ಆಡಲು Console Sharing and Offline Play ಆನ್ ಆಗಿರಬೇಕು.

ಡಿಸ್ಕ್‌ನವರೂ ಪೂರ್ತಿ ನಿಶ್ಚಿಂತರಲ್ಲ. 2023ರಿಂದ ಬಂದ ತೆಳು ಮಾದರಿಯ ಪಿಎಸ್5ಗೆ ಬಿಚ್ಚಿ ಹಾಕುವ ಡಿಸ್ಕ್ ಡ್ರೈವ್ ಇದೆ. ಜೋಡಿಸಿದಾಗ ಒಮ್ಮೆ ನೆಟ್‌ಗೆ ಸೇರಿಸಿ ನೋಂದಾಯಿಸದಿದ್ದರೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಬಿಡಿ ಡ್ರೈವ್ ಒಂದನ್ನು ಕೊಂಡಿಟ್ಟು ಇಪ್ಪತ್ತು ವರ್ಷದ ಮೇಲೆ ಹಾಕುತ್ತೇನೆ ಎಂಬ ಯೋಜನೆ ಸರ್ವರ್ ಮೇಲೆಯೇ ನಿಂತಿದೆ. ಸರ್ವರ್ ಇಲ್ಲದೆ ಓಡದ ಆಟವಾದರೆ ಡಿಸ್ಕ್ ಇದ್ದೂ ಇಲ್ಲ: ‘ದಿ ಕ್ರೂ’ 2024ರ ಮಾರ್ಚ್ 31ಕ್ಕೆ ನಿಂತಾಗ ಅದರ ಡಿಸ್ಕ್ ಚಹದ ಲೋಟದ ಕೆಳಗಿಡಲು ಮಾತ್ರ ಉಳಿಯಿತು.

ನಿಜಕ್ಕೂ ಕೈಯಲ್ಲಿ ಉಳಿಯುವ ಡೌನ್‌ಲೋಡ್ ಪಿಸಿಯಲ್ಲಿದೆ. ಜಿಒಜಿ ಅಂಗಡಿ ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತದೆ, ಅದರ .exe ಮತ್ತು .bin ಕಡತಗಳನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿಟ್ಟರೆ ಖಾತೆ, ನೆಟ್ ಎರಡೂ ಬೇಡ. ನಕಲು ಕೆಟ್ಟಿಲ್ಲ ಎಂದು ತಿಳಿಯಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪ್ರತಿ ಕಡತದ ಹ್ಯಾಶ್, ಅಂದರೆ ಕಡತ ಒಂದಿಷ್ಟು ಕೆಟ್ಟರೂ ಬದಲಾಗುವ ಗುರುತಿನ ಸಂಖ್ಯೆ, ತೆಗೆದು ಪಠ್ಯ ಕಡತದಲ್ಲಿ ಇಟ್ಟು, ವರ್ಷಕ್ಕೊಮ್ಮೆ ಹೋಲಿಸುತ್ತೇನೆ:

```
certutil -hashfile setup.exe SHA256
```

ಡಿಸ್ಕ್‌ಗಳನ್ನು ಪೆಟ್ಟಿಗೆಯಲ್ಲೇ ನಿಲ್ಲಿಸಿ, ಬಿಸಿಲು ಬೀಳದ ಒಳಗೋಡೆಯ ಕಪಾಟಿನಲ್ಲಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದು ಮುಖಪುಟದ ಕಾಗದಕ್ಕೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬಹುದು, ಆದರೆ ಅವನ್ನು ಆಗಾಗ ಬದಲಿಸಬೇಕು. ಪ್ರತಿ ಪೆಟ್ಟಿಗೆಯೊಳಗೂ ನಾನೊಂದು ಚೀಟಿ ಇಡುತ್ತೇನೆ: ಕೋಡ್, ಡಿಸ್ಕ್‌ನ ಆವೃತ್ತಿ, ನೆಟ್ ಇಲ್ಲದೆ ಎಲ್ಲಿಯವರೆಗೆ ಓಡಿತು, ಪರೀಕ್ಷಿಸಿದ ತಾರೀಖು. ‘ಬೀಗದಕೈ ಮಾತ್ರ’ ಎಂದು ಬರೆದ ಪೆಟ್ಟಿಗೆಗಳು ಕಪಾಟಿಗೆ ಹೋಗುವುದಿಲ್ಲ, ಬೆಲೆ ಇರುವಾಗಲೇ ಮಾರಾಟಕ್ಕೆ ಹೋಗುತ್ತವೆ.