ಸಂಬಳ 13 ಲಕ್ಷದ ಆಸುಪಾಸಿದ್ದರೆ ಇದೊಂದು ಕೇಳಿ ನೋಡಿ

ಮಂಡ್ಯದಿಂದ ದಿನಾ ರೈಲಲ್ಲಿ ಮೈಸೂರಿನ ಹೆಬ್ಬಾಳಕ್ಕೆ ಕೆಲಸಕ್ಕೆ ಬರುವ ಗೆಳೆಯನ ಲೆಕ್ಕ ಇದು. ಹೊಸ ತೆರಿಗೆ ಪದ್ಧತಿ, 2025-26ನೇ ಸಾಲು. ಕಂಪನಿಯ ಪಿಎಫ್ ಪಾಲು ಬಿಟ್ಟು ವರ್ಷಕ್ಕೆ 13.5 ಲಕ್ಷ, ಅದರಲ್ಲಿ ಬೇಸಿಕ್ 6.75 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯೋದು 12.75 ಲಕ್ಷ. ಸೆಸ್ ಸೇರಿ ತೆರಿಗೆ 74,100.

ಸ್ಪೆಷಲ್ ಅಲೊಯೆನ್ಸ್‌ನಿಂದ 94,500 ತೆಗೆದು, ಕಂಪನಿಯ ಪಾಲಾಗಿ ಎನ್‌ಪಿಎಸ್‌ಗೆ ಹಾಕಿ ಅಂತ ಅವನು ಎಚ್‌ಆರ್‌ಗೆ ಬರೆದುಕೊಟ್ಟ. ಬೇಸಿಕ್‌ನ ಶೇ. 14ರವರೆಗೆ ಹೀಗೆ ಹಾಕಿದ್ದಕ್ಕೆ ವಿನಾಯಿತಿ ಇದೆ. ಆದಾಯ 12 ಲಕ್ಷಕ್ಕಿಂತ ಕೆಳಗಿಳಿಯಿತು, ತೆರಿಗೆ ಸೊನ್ನೆ! ಕೈಗೆ ಬರೋದು ತಿಂಗಳಿಗೆ 1,700 ಮಾತ್ರ ಕಮ್ಮಿ. ಪಿಂಚಣಿ ಖಾತೆಗೆ ತಿಂಗಳಿಗೆ 7,875 ಬೀಳುತ್ತದೆ.

ಎಡವಟ್ಟಾಗೋದು ಇಲ್ಲಿ. ನೀವೇ ಆ್ಯಪ್‌ನಲ್ಲಿ ಕಟ್ಟಿದರೆ ಹೊಸ ಪದ್ಧತಿಯಲ್ಲಿ ಒಂದು ಪೈಸೆ ವಿನಾಯಿತಿಯೂ ಇಲ್ಲ, ಕಂಪನಿಯೇ ಕಟ್ಟಬೇಕು. ಇವನ ಮೊದಲ ಪೇಸ್ಲಿಪ್‌ನಲ್ಲಿ ಅದನ್ನು ನೌಕರರ ಕಡಿತ ಅಂತ ತೋರಿಸಿದ್ದರು, ಟಿಡಿಎಸ್ ಒಂಚೂರೂ ಇಳಿದಿರಲಿಲ್ಲ. ಅನುಮಾನ ಬಂದದ್ದೇ ಅಲ್ಲಿ. ಸರಿಯಾಗಿದ್ದರೆ ಫಾರ್ಮ್ 16ರಲ್ಲಿ 80CCD(2) ಎದುರಿಗೆ ಮೊತ್ತ ಕಾಣಬೇಕು.

ಬೇಸಿಕ್ ತೀರಾ ಕಮ್ಮಿ ಇಟ್ಟಿದ್ದರೆ ಲಾಭವೂ ಕಮ್ಮಿ. ಈ ದುಡ್ಡು ಬೇಕೆಂದಾಗ ಸಿಗಲ್ಲ, ಬಹುಪಾಲು ನಿವೃತ್ತಿಗೇ ಅನ್ಕೊಳ್ಳಿ. ಮನೆ ಸಾಲದ ಕಂತಿಗೇ ಒದ್ದಾಡ್ತಿದ್ದರೆ, ಆ 1,700 ಕೂಡ ಭಾರವೇ ಅಲ್ವಾ?