ಪಾಳಿ ಶುರುವಾಗುವ ಹೊತ್ತಿಗೇ ಲಾಗಿನ್ ಕೈಕೊಡುವುದು: ನನ್ನ ಅನುಭವ

ಎಲ್ಲರೂ ಒಟ್ಟಿಗೆ ಲಾಗಿನ್ ಆಗುವುದರಿಂದ ಸರ್ವರ್ ತಾಳುತ್ತಿಲ್ಲ ಎಂಬುದೇ ನಮ್ಮಲ್ಲಿ ಎಲ್ಲರ ತೀರ್ಮಾನವಾಗಿತ್ತು. ಹಾಜರಿ ತಡವಾಗಿ ಬೀಳುತ್ತಿತ್ತು, ಸಂಬಳದಲ್ಲಿ ಕಡಿತವಾಗುತ್ತಿತ್ತು. ಆಡಳಿತ ಪ್ರತಿಯೊಬ್ಬರಿಗೂ ಲಾಗಿನ್ನಿಗಾಗಿ ಕಂಪ್ಯೂಟರಿಗೆ ಚುಚ್ಚುವ ಭದ್ರತಾ ಕೀಲಿ ಕೊಳ್ಳುವ ಲೆಕ್ಕ ಹಾಕಿತ್ತು. ನಾನು ಒಪ್ಪಲಿಲ್ಲ. ಸರ್ವರ್ ಸೋತರೆ ಎಲ್ಲರೂ ಒದ್ದಾಡಬೇಕಲ್ಲವೇ? ಇಲ್ಲಿ ದಿನವೂ ಅದೇ ಏಳೆಂಟು ಮಂದಿ ಸಿಕ್ಕಿಬೀಳುತ್ತಿದ್ದರು.

ಅವರನ್ನು ಬೇರೆ ಬೇರೆ ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದೆ. ಹೆಚ್ಚಿನವರಿಗೆ ಎಲ್ಲಿ ಕೂತರೂ ಲಾಗಿನ್ನಿಗೆ ಫೋನಿನ ಆ್ಯಪ್ ತೋರಿಸುವ ಆರಂಕಿಯ ಕೋಡ್ ತಿರಸ್ಕೃತವಾಯಿತು. ಅಂದರೆ ತೊಂದರೆ ಫೋನಿನದು. ಒಬ್ಬ ಸಹೋದ್ಯೋಗಿಯ ಫೋನಿನಲ್ಲಿ ನಿಖರ ಸಮಯ ತೋರಿಸುವ time.is ತಾಣ ತೆರೆದಾಗ ಗುಟ್ಟು ಹೊರಬಿತ್ತು: ಗಡಿಯಾರ ಹೆಚ್ಚುಕಡಿಮೆ ಐದು ನಿಮಿಷ ಮುಂದಿತ್ತು. ಪಾಳಿಗೆ ತಡವಾಗಬಾರದೆಂದು ಅವರೇ ಹಾಗೆ ಇಟ್ಟುಕೊಂಡಿದ್ದರು!

ಕೋಡ್ ಹುಟ್ಟುವುದೇ ಸಮಯದಿಂದ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಹಿಂದಿನ ಅಥವಾ ಮುಂದಿನ ಒಂದು ಕೋಡನ್ನು ಸರ್ವರ್ ಮನ್ನಿಸಬಹುದು, ಐದು ನಿಮಿಷದ ಅಂತರವನ್ನಲ್ಲ. ಒಮ್ಮೆ ಒಳಹೊಕ್ಕರೆ ಪಾಳಿ ಮುಗಿಯುವವರೆಗೆ ಮತ್ತೆ ಕೋಡ್ ಕೇಳದಿರುವುದರಿಂದ ದೋಷ ಬೆಳಿಗ್ಗೆ ಮಾತ್ರ ಕಾಣುತ್ತಿತ್ತು. ದಿನಾಂಕ, ಸಮಯದ ಸೆಟ್ಟಿಂಗಿನಲ್ಲಿ ಸ್ವಯಂಚಾಲಿತ ಸಮಯವನ್ನು ಆನ್ ಮಾಡಿಸಿದೆ. ಮುಂದಿನ ಕೋಡೇ ಹಿಡಿಯಿತು. ಖರ್ಚು ಸೊನ್ನೆ. ಬೇಗ ಏಳಬೇಕೆನ್ನುವವರು ಅಲಾರಂ ಅನ್ನು ಇನ್ನೂ ಬೇಗಕ್ಕೆ ಇಟ್ಟುಕೊಳ್ಳಲಿ, ಗಡಿಯಾರವನ್ನು ಮುಟ್ಟಬೇಡಿ.

ಕುತೂಹಲಕ್ಕೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಯೂ ನೋಡಿದೆ. ಕೋಡ್ ಬಂತು, ಲಾಗಿನ್ ಕೂಡ ಆಯಿತು. ಹಾಗಾಗಿ ಆ್ಯಪ್‌ನ ಕೋಡಿಗೆ ಸಿಗ್ನಲ್ ಹುಡುಕಿಕೊಂಡು ಹೊರಗೆ ಓಡಬೇಕಿಲ್ಲ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಕೋಡಿಗೂ, ‘ಒಪ್ಪಿಗೆ’ ಒತ್ತುವ ನೋಟಿಫಿಕೇಶನ್‌ಗೂ ಮಾತ್ರ ನೆಟ್‌ವರ್ಕ್ ಬೇಕು. ಸಮಯವಲಯವನ್ನು ಬದಲಿಸಿದರೂ ಕೋಡ್ ಕೆಡಲಿಲ್ಲ. ಗಂಟೆಯನ್ನು ಕೈಯಿಂದ ತಿದ್ದಿದಾಗ ಕೆಟ್ಟಿತು.

ಉಳಿದ ಇಬ್ಬರ ಕಥೆ ಬೇರೆ. ಅವರಿಗೆ ತೊಂದರೆ ಒಂದೇ ಕಂಪ್ಯೂಟರಿನಲ್ಲಿ. ಹಿಂದಿನ ಪಾಳಿಯವರು ಬ್ರೌಸರನ್ನು ಮುಚ್ಚಿದ್ದರೇ ಹೊರತು ಲಾಗೌಟ್ ಆಗಿರಲಿಲ್ಲ. ಒಂದೇ ಲಾಗಿನ್ನಿನಿಂದ ಕೆಲಸದ ಎಲ್ಲ ಆ್ಯಪ್ ತೆರೆಯುವ ಏಕ ಲಾಗಿನ್ ವ್ಯವಸ್ಥೆ ಹಳೆಯ ಹೆಸರನ್ನೇ ಹಿಡಿದುಕೊಂಡು ಹಿಂದಿನವರ ಖಾತೆಯ ಕೋಡ್ ಕೇಳುತ್ತಿತ್ತು, ಈ ಇಬ್ಬರು ತಮ್ಮ ಕೋಡ್ ಹಾಕುತ್ತಿದ್ದರು. ಆದ್ದರಿಂದ ಕೋಡ್ ಹಾಕುವ ಮುನ್ನ ಪರದೆಯ ಮೇಲಿರುವ ಹೆಸರು ನಿಮ್ಮದೇ ಎಂದು ಓದಿಕೊಳ್ಳಿ. ಖಾಸಗಿ ವಿಂಡೋದಲ್ಲಿ ಲಾಗಿನ್ ಆದರೆ ಬ್ರೌಸರಿನಲ್ಲಿ ಉಳಿದುಕೊಂಡ ಲಾಗಿನ್ ಗುರುತು, ಅಂದರೆ ಹಳೆಯ ಕುಕಿಯೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಲಾಗಿನ್ ಪುಟವನ್ನೇ ಬುಕ್‌ಮಾರ್ಕ್ ಮಾಡಿದ್ದರೆ ಅಳಿಸಿ. ಅದರ ವಿಳಾಸದಲ್ಲಿ ಒಂದೇ ಸಲ ನಡೆಯುವ ಗುರುತು ಅಂಟಿಕೊಂಡಿರಬಹುದು. ಕೆಲಸದ ಆ್ಯಪ್‌ನ ಮುಖಪುಟದಿಂದಲೇ ಹೊರಡಿ.

ಹಂಚಿಕೊಂಡ ಕಂಪ್ಯೂಟರುಗಳಿಗೆ ನಾನು ಮಾಡಿರುವ ಇನ್ನೊಂದು ಏರ್ಪಾಡಿದೆ, ಅದು ಸದ್ಯಕ್ಕೆ ನಮ್ಮ ತಂಡದಲ್ಲೇ ಇರಲಿ. ಕೀಲಿ ಕೊಳ್ಳುವ ಕಡತವಂತೂ ಮುಚ್ಚಿತು.

ಎರಡು ಬಾರಿ ಸೋತ ಮೇಲೆ ಮತ್ತೆ ಮತ್ತೆ ಕೋಡ್ ಒತ್ತಬೇಡಿ, ಖಾತೆಗೆ ಬೀಗ ಬೀಳಬಹುದು. ಹೊಸ ಫೋನ್ ಕೊಂಡವರಿಗೆ ಗಡಿಯಾರ ತಿದ್ದಿ ಫಲವಿಲ್ಲ. ಹಳೆಯ ಫೋನಿನ ನೋಂದಣಿ ಹೊಸದಕ್ಕೆ ಬಂದಿರದಿದ್ದರೆ ಸಹಾಯವಾಣಿಯಿಂದ ಮರುನೋಂದಣಿ ಮಾಡಿಸಿಕೊಳ್ಳಬೇಕು, ಅದನ್ನೂ ಪಾಳಿಯ ಹಿಂದಿನ ದಿನವೇ.